ಗುರುವಾರದ ವಿಸಿಟ್ ಸೋಮವಾರಕ್ಕೆ ಇಟ್ಟುಕೊಳ್ಳಬಹುದಾ ಸರ್?

ನಮಸ್ಕಾರ ಸರ್, ನಾನು ಮಂಜುನಾಥ, ದಾವಣಗೆರೆ ನಿಟುವಳ್ಳಿಯ ಹಿಟ್ಟಿನ ಗಿರಣಿಯವನು. ಖಾರದ ಪುಡಿ ಮಷಿನ್ ಹಾಕಿಸಲು ಮುದ್ರಾ ಕಿಶೋರ್‌ನಲ್ಲಿ 4.5 ಲಕ್ಷದ ಸಾಲಕ್ಕೆ ಅರ್ಜಿ ಕೊಟ್ಟಿದ್ದೆನಲ್ಲ, ಅದರ ವೆರಿಫಿಕೇಶನ್‌ಗೆ ಗುರುವಾರ 11ನೇ ತಾರೀಖು ಬರುತ್ತೇನೆ ಅಂದಿದ್ದಿರಿ. ದಯವಿಟ್ಟು ಅದನ್ನು ಸೋಮವಾರ 15ಕ್ಕೆ ಇಟ್ಟುಕೊಳ್ಳಿ ಸರ್.

ಗುರುವಾರ ನಮ್ಮ ಏರಿಯಾದಲ್ಲಿ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಕರೆಂಟ್ ಇರಲ್ಲ, ಲೈನ್ ಕೆಲಸ ಇದೆ ಅಂತ ಬೆಸ್ಕಾಂನವರು ತಿಳಿಸಿದ್ದಾರೆ. ಗಿರಣಿ ನಿಂತಿರುತ್ತದೆ, ಗಿರಾಕಿಗಳೂ ಬರಲ್ಲ. ನೀವು ಫೋಟೋ ತೆಗೆದರೆ ವ್ಯಾಪಾರವೇ ಇಲ್ಲದ ಅಂಗಡಿ ಥರ ಕಾಣುತ್ತದೆ ಅಲ್ವಾ? ಮಷಿನ್ ಓಡುವಾಗ, ಜನ ಡಬ್ಬ ಹಿಡಿದು ನಿಂತಿರುವಾಗ ನೀವು ನೋಡಬೇಕು ಅನ್ನುವುದು ನನ್ನ ಆಸೆ.

ಇನ್ನೊಂದು, ನನ್ನ ಹೆಂಡತಿ ಕೋ-ಅಪ್ಲಿಕೆಂಟ್. ತಂಗಿಯ ಬಾಣಂತನಕ್ಕೆ ಅಂತ ಹಾವೇರಿಗೆ ಹೋಗಿದ್ದಾಳೆ, ಭಾನುವಾರ ವಾಪಸ್ ಬರುತ್ತಾಳೆ. ಲೆಕ್ಕ, ಉದ್ರಿ ಪುಸ್ತಕ ಎಲ್ಲ ಅವಳೇ ನೋಡಿಕೊಳ್ಳುವುದು, ನೀವು ಕೇಳಿದ್ದಕ್ಕೆ ನನಗಿಂತ ಚೆನ್ನಾಗಿ ಅವಳೇ ಹೇಳುತ್ತಾಳೆ. ಶುಕ್ರವಾರ ಅವಳಿರಲ್ಲ, ಶನಿವಾರ ಎರಡನೇ ಶನಿವಾರ, ನಿಮಗೆ ರಜೆ, ಹಾಗಾಗಿ ಸೋಮವಾರ ಕೇಳುತ್ತಿದ್ದೇನೆ. ಬೆಳಿಗ್ಗೆ 11ರಿಂದ 1ರೊಳಗೆ ಬಂದರೆ ಅನುಕೂಲ, ಇಬ್ಬರೂ ಇರುತ್ತೇವೆ. ಆ ದಿನ ನಿಮಗೆ ಆಗದಿದ್ದರೆ ಮಂಗಳವಾರ ಯಾವ ಹೊತ್ತಿಗಾದರೂ ಬನ್ನಿ. ಅವತ್ತು ಮಧ್ಯಾಹ್ನ ನಾನು ಗೋಧಿ ತರಲು ಮಾರ್ಕೆಟ್‌ಗೆ ಹೋಗಿದ್ದರೂ ಹೆಂಡತಿ ಇರುತ್ತಾಳೆ, ಸಹಿ ಬೇಕಿದ್ದರೆ ಫೋನ್ ಮಾಡಿಸಿ, ತಕ್ಷಣ ಬರುತ್ತೇನೆ.

ಇಬ್ಬರ ಆಧಾರ್, ಪ್ಯಾನ್, ಉದ್ಯಮ್ ಸರ್ಟಿಫಿಕೇಟ್, ಪಾಲಿಕೆಯ ಟ್ರೇಡ್ ಲೈಸೆನ್ಸ್, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಮಷಿನ್ ಕೊಟೇಶನ್ ಎಲ್ಲ ಒರಿಜಿನಲ್ ಮತ್ತು ಜೆರಾಕ್ಸ್ ಒಂದೇ ಫೈಲಿನಲ್ಲಿ ಇಟ್ಟಿರುತ್ತೇನೆ. ಎರಡು ವಿಷಯ ಮಾತ್ರ ಮೊದಲೇ ಹೇಳಿಬಿಡುತ್ತೇನೆ, ಇಲ್ಲಿಗೆ ಬಂದ ಮೇಲೆ ಗೊಂದಲ ಆಗಬಾರದು. ಅಂಗಡಿಯ ಕರೆಂಟ್ ಬಿಲ್ ಮಾಲೀಕರ ಹೆಸರಲ್ಲಿದೆ. ಬಾಡಿಗೆ ಕರಾರು ಪತ್ರ ನನ್ನ ಹೆಸರಲ್ಲೇ ಇದೆ, ಜೊತೆಗೆ ತಮ್ಮ ಅಭ್ಯಂತರ ಇಲ್ಲ ಅಂತ ಮಾಲೀಕರು ಒಂದು ಪತ್ರ ಬರೆದುಕೊಡುತ್ತಾರೆ, ಅವರನ್ನೂ ಸೋಮವಾರ ಬರಲು ಹೇಳಿದ್ದೇನೆ. ಇನ್ನು ನನ್ನ ಆಧಾರ್‌ನಲ್ಲಿ ಹರಿಹರದ ಹಳೇ ವಿಳಾಸ ಇದೆ. ಈಗ ನಾವಿರುವುದು ಗಿರಣಿಯ ಮೇಲಿನ ಮಹಡಿಯಲ್ಲಿ, ಅದೇ ಕರಾರಿನಲ್ಲಿ ಮನೆಯೂ ಸೇರಿದೆ. ಗ್ಯಾಸ್ ಪುಸ್ತಕ ಈ ವಿಳಾಸದಲ್ಲೇ ಇದೆ, ಅದನ್ನೂ ತೋರಿಸುತ್ತೇನೆ. ಅಂಗಡಿ, ಮನೆ ಎರಡನ್ನೂ ಒಂದೇ ಸಲ ನೋಡಿಬಿಡಬಹುದು.

ಸರ್, ಒಂದೇ ಒಂದು ವಿನಂತಿ. ಗುರುವಾರದ್ದಕ್ಕೆ 'ಪಾರ್ಟಿ ಸಿಗಲಿಲ್ಲ' ಅಂತ ರಿಪೋರ್ಟ್ ಬರೆಯಬೇಡಿ, ನಾನು ತಪ್ಪಿಸಿಕೊಳ್ಳುತ್ತಿಲ್ಲ. ಈ ಮಷಿನ್ ನಮಗೆ ತುಂಬಾ ಬೇಕು. ಬೇಸಿಗೆಯಲ್ಲಿ ಜನ ವರ್ಷಕ್ಕಾಗುವಷ್ಟು ಖಾರದ ಪುಡಿ ಮಾಡಿಸಿಕೊಳ್ಳುತ್ತಾರೆ, ಅಷ್ಟರೊಳಗೆ ಮಷಿನ್ ಕೂರಿಸಬೇಕು ಅಂತಿದ್ದೇನೆ.

ಇನ್ನೇನಾದರೂ ಕಾಗದ ಬೇಕಿದ್ದರೆ ಈಗಲೇ ಹೇಳಿ, ನಾಲ್ಕು ದಿನ ಟೈಮ್ ಇದೆ, ಮಾಡಿಸಿಡುತ್ತೇನೆ. ಸೋಮವಾರ ಆಗುತ್ತದಾ ಅಂತ ಇದೇ ನಂಬರಿಗೆ ಒಂದು ಮೆಸೇಜ್ ಹಾಕಿ ಸರ್. ಅವತ್ತು ಬೆಳಿಗ್ಗೆ ಲೊಕೇಶನ್ ಕಳಿಸುತ್ತೇನೆ.

ಮಂಜುನಾಥ