ಸುಮಿತ್ರಾಳಿಗೆ, ಸಾಗರದಿಂದ

ಪ್ರೀತಿಯ ಸುಮಿತ್ರಾ,

ನಾನು ಲಲಿತಾ. 1986ರಿಂದ 1989ರ ವರೆಗೆ ಸಾಗರದ ಹೈಸ್ಕೂಲಿನಲ್ಲಿ, ಕಿಟಕಿಯ ಪಕ್ಕದ ಎರಡನೆಯ ಬೆಂಚಿನಲ್ಲಿ ನಿನ್ನ ಜೊತೆ ಕುಳಿತು ಓದಿದವಳು. ನಾನು ಹುಡುಕುತ್ತಿರುವ ಸುಮಿತ್ರಾ ತಾವಲ್ಲದಿದ್ದರೆ, ಅಪರಿಚಿತಳೊಬ್ಬಳು ಹೀಗೆ ಏಕವಚನದಲ್ಲಿ ಬರೆದದ್ದನ್ನು ದಯವಿಟ್ಟು ಕ್ಷಮಿಸಿ, ಇದನ್ನು ಇಲ್ಲಿಗೇ ಬಿಟ್ಟುಬಿಡಿ. ಆದರೆ ನೀನೇ ಅವಳೆಂಬ ವಿಷಯದಲ್ಲಿ ನನಗೆ ಬಹುಮಟ್ಟಿಗೆ ಅನುಮಾನವಿಲ್ಲ.

ನಿನ್ನ ಹೆಸರಿನಿಂದ ನಿನ್ನನ್ನು ಹುಡುಕಲು ಸಾಧ್ಯವೇ ಇರಲಿಲ್ಲ. ಹೆಸರಿನ ಮುಂದೆ ಈಗ ನನಗೆ ಗೊತ್ತಿಲ್ಲದ ಮನೆತನದ ಹೆಸರಿದೆ. ಮುಖವಿರಬೇಕಾದ ಕಡೆ ದಾಸವಾಳದ ಹೂವಿದೆ. ನಾನು ನಿನ್ನನ್ನು ಗುರುತಿಸಿದ್ದು ನೀನು ಹೇಳಿದ ಒಂದು ಕಥೆಯಿಂದ. ಅಂಬಾರಗೊಡ್ಲು–ಕಳಸವಳ್ಳಿ ಸೇತುವೆಯ ಚಿತ್ರವನ್ನು ಯಾರೋ ಫೇಸ್‌ಬುಕ್ಕಿನಲ್ಲಿ ಹಾಕಿದ್ದರು. ಅದರ ಕೆಳಗೆ ನೂರಾರು ಜನ ಲಾಂಚಿನ ನೆನಪುಗಳನ್ನು ಬರೆದಿದ್ದರು. ಅವುಗಳ ನಡುವೆ, ದಸರಾ ರಜೆಗೆ ಊರಿಗೆ ಹೊರಟಾಗ ಆವಿನಹಳ್ಳಿಯ ಹತ್ತಿರ ಬಸ್ಸು ಪಂಕ್ಚರ್ ಆಗಿ, ಹೊಳೆಬಾಗಿಲಿಗೆ ತಲುಪುವ ಹೊತ್ತಿಗೆ ಕೊನೆಯ ಲಾಂಚ್ ಆಚೆ ದಡ ಸೇರಿದ್ದನ್ನೂ, ದಡದ ಮೇಲಿನ ಮನೆಯವರು ಗಂಜಿ ಮತ್ತು ಅಪ್ಪೆಮಿಡಿ ಉಪ್ಪಿನಕಾಯಿ ಬಡಿಸಿ ರಾತ್ರಿ ಉಳಿಸಿಕೊಂಡದ್ದನ್ನೂ, ಜೊತೆಗಿದ್ದ ಪೇಟೆಯ ಗೆಳತಿ ರಾತ್ರಿಯಿಡೀ ಅತ್ತದ್ದನ್ನೂ ಒಬ್ಬರು ಬರೆದಿದ್ದರು. ಓದಿ ಮುಗಿಸುವ ಮೊದಲೇ ಅದು ನೀನೆಂದು ತಿಳಿಯಿತು. ಆ ಪೇಟೆಯ ಗೆಳತಿ ನಾನು. ಆದರೆ ಸುಮಿತ್ರಾ, ಆ ರಾತ್ರಿ ಅತ್ತವಳು ನಾನಲ್ಲ, ನೀನು. ಅಪ್ಪಯ್ಯ ದಡದಲ್ಲಿ ಕಾದು ಕಾದು ವಾಪಸು ಹೋಗಿರುತ್ತಾರೆ ಎಂದು ಅತ್ತವಳು ನೀನು. ಎರಡನೆಯ ಸಲ ಗಂಜಿ ಹಾಕಿಸಿಕೊಂಡು ಉಂಡು, ಗೋಣಿತಾಟಿನ ಮೇಲೆ ಸುಖವಾಗಿ ಮಲಗಿದವಳು ನಾನು. ಈ ವಿಷಯವನ್ನು ಅಷ್ಟು ಜನರ ಎದುರಿಗೆ ತಿದ್ದುವುದು ಸರಿಯಲ್ಲವೆಂದೂ, ನಿನ್ನ ಈಗಿನ ಪರಿಸ್ಥಿತಿ ತಿಳಿಯದೆ ಬಹಿರಂಗವಾಗಿ ಹಳೆಯ ಸಲುಗೆಯಲ್ಲಿ ಮಾತನಾಡಬಾರದೆಂದೂ ಎಣಿಸಿ, ಇಲ್ಲಿ ಪ್ರತ್ಯೇಕವಾಗಿ ಬರೆಯುತ್ತಿದ್ದೇನೆ.

ಹಳೆಯ ಗೆಳತಿಯೆಂದು ಹೇಳಿಕೊಂಡು ಬಂದು, ನಾಲ್ಕು ದಿನ ಮಾತನಾಡಿ, ಐದನೆಯ ದಿನ ಹಣ ಕೇಳುವವರು ಈಗ ಬೇಕಾದಷ್ಟಿದ್ದಾರೆ. ನಮ್ಮ ಕಚೇರಿಯವರೊಬ್ಬರೇ ಹಾಗೆ ಮೋಸಹೋಗಿದ್ದಾರೆ. ಆದ್ದರಿಂದ ನೀನು ನನ್ನನ್ನು ನಂಬುವುದಕ್ಕೆ ಮೊದಲು, ನಮ್ಮಿಬ್ಬರಿಗಲ್ಲದೆ ಬೇರೆಯವರಿಗೆ ತಿಳಿದಿರಲಾರದ ಒಂದೆರಡು ಸಂಗತಿಗಳನ್ನು ಹೇಳುವುದು ನನ್ನ ಕರ್ತವ್ಯ.

ಗಣಿತದ ಮೇಷ್ಟ್ರು ನಮ್ಮನ್ನೆಲ್ಲ ಇಕ್ಕೇರಿಗೆ ನಡೆಸಿಕೊಂಡು ಹೋಗಿದ್ದರಲ್ಲ, ಅಘೋರೇಶ್ವರ ದೇವಸ್ಥಾನಕ್ಕೆ. ಹುಡುಗರೆಲ್ಲ ಆ ದೊಡ್ಡ ನಂದಿಯ ಹೊಟ್ಟೆಯ ಅಡಿಯಲ್ಲಿ ನುಸುಳುವುದಕ್ಕೆ ಪೈಪೋಟಿ ನಡೆಸಿದ್ದರು. ಮೇಷ್ಟ್ರು ಮಾತ್ರ ನಮ್ಮನ್ನು ಒಳಗೆ ನಿಲ್ಲಿಸಿಕೊಂಡು, ಕೆಳದಿಯ ಅರಸರ ಕಾಲದಲ್ಲಿ ಅಡಿಕೆ ತೋಟ ಅಳೆಯುವ ಕೋಲಿಗೆ ಈ ದೇವಸ್ಥಾನದ ಕಂಬಗಳ ನಡುವಿನ ಅಂತರವೇ ಆಧಾರವಾಗಿತ್ತೆಂದೂ, ಅದು ಹದಿನೆಂಟೂವರೆ ಅಡಿಯೆಂದೂ ಹೇಳಿದರು. ಅವರು ಆಚೆಗೆ ಹೋದ ಕೂಡಲೇ ನೀನು, ಹೇಳಿದ್ದನ್ನೆಲ್ಲ ನಂಬಬೇಕೆಂದೇನಿದೆ ಎಂದು ನಿನ್ನ ಜಡೆಯ ರಿಬ್ಬನ್ ಬಿಚ್ಚಿದೆ. ಅದು ಸಾಲದೆ ಹೋದಾಗ ನನ್ನದನ್ನು ಬಿಚ್ಚಿಸಿದೆ, ಆಮೇಲೆ ಇನ್ನೂ ಮೂವರದನ್ನು. ಗಂಟು ಹಾಕಿದ ಕೆಂಪು ರಿಬ್ಬನ್ನನ್ನು ಕಂಬದಿಂದ ಕಂಬಕ್ಕೆ ಎಳೆದು ಹಿಡಿದು, ಗೇಣಿನಿಂದ ಲೆಕ್ಕ ಹಾಕುತ್ತಿದ್ದಾಗ ಮೇಷ್ಟ್ರು ಹಿಂದೆ ಬಂದು ನಿಂತಿದ್ದರು. ಐದು ಜನ ಹುಡುಗಿಯರು ಕೂದಲು ಕೆದರಿಕೊಂಡು ಊರಿಗೆ ಮರಳಿದೆವು. ಗಂಟುಗಳಿಗೆ ಎಷ್ಟು ರಿಬ್ಬನ್ ಹೋಯಿತೆಂಬುದನ್ನು ಕಳೆಯದೆ ಅಳೆದೆ ಎಂದು ಮರುದಿನ ತರಗತಿಯಲ್ಲಿ ಅವರು ನಿನಗೊಂದು ಲೆಕ್ಕವನ್ನೇ ಕೊಟ್ಟರು. ಇದು ಸಾಕಲ್ಲವೇ?

ಸಾಲದಿದ್ದರೆ ನಿಮ್ಮ ಮನೆಯ ಮಾತು ಹೇಳುತ್ತೇನೆ. ಲಾಂಚ್ ತಪ್ಪಿದ ಮರುದಿನ ಬೆಳಿಗ್ಗೆ ಮಂಜು ಕವಿದಿದ್ದ ಹಿನ್ನೀರನ್ನು ದಾಟಿ ನಿಮ್ಮ ಮನೆಗೆ ಬಂದೆನಷ್ಟೆ. ಆ ವಾರದಲ್ಲಿ ನಾನು ಕಲಿತದ್ದನ್ನು ಯಾವ ಸಮಾಜ ಪಾಠವೂ ನನಗೆ ಕಲಿಸಿರಲಿಲ್ಲ. ನಿಮ್ಮ ಅಜ್ಜಿ ಅಂಗಳದ ತುದಿಯಲ್ಲಿ ನಿಂತು, ನೀರಿನತ್ತ ಕೈಚಾಚಿ, ಅಲ್ಲಿ ನಮ್ಮ ಗದ್ದೆ, ಅಲ್ಲಿ ಭೂತಪ್ಪನ ಕಟ್ಟೆ, ಅದರಾಚೆ ನನ್ನ ತವರಿಗೆ ಹೋಗುವ ದಾರಿ ಎಂದು, ಎಲ್ಲವೂ ಕಣ್ಣಿಗೆ ಕಾಣುತ್ತಿರುವಂತೆಯೇ ತೋರಿಸುತ್ತಿದ್ದರು. ನನಗೆ ಕಾಣುತ್ತಿದ್ದದ್ದು ಬರೀ ನೀರು. 1948ರಲ್ಲಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟೇ 1964ರ ಲಿಂಗನಮಕ್ಕಿಯ ನೀರಿನಲ್ಲಿ ಮುಳುಗಿಹೋದಾಗ ಇನ್ನು ನಮ್ಮ ಮನೆ ಯಾವ ಲೆಕ್ಕ ಎಂದು ಅವರು ನಕ್ಕಿದ್ದರು. ಆ ನೀರಿನಿಂದ ಹುಟ್ಟಿದ ಕರೆಂಟು ದೂರದೂರದ ಊರುಗಳನ್ನು ಬೆಳಗುತ್ತಿದ್ದಾಗ, ನಿಮ್ಮ ಮನೆಯಲ್ಲಿ ನಾವಿಬ್ಬರೂ ಬುಡ್ಡಿದೀಪದ ಬೆಳಕಿನಲ್ಲಿ ರಜೆಯ ಲೆಕ್ಕಗಳನ್ನು ಬಿಡಿಸುತ್ತಿದ್ದೆವು. ನಾನು ಅದನ್ನು ಎಷ್ಟೋ ಜನರಿಗೆ ಹೇಳಿದ್ದೇನೆ. ಹೇಳಿದಾಗಲೆಲ್ಲ ಅದು ನನ್ನ ಮಾತಲ್ಲ, ನಿಮ್ಮ ಮನೆಯದು ಎಂಬ ಅಳುಕೂ ಇರುತ್ತದೆ.

ಪರೀಕ್ಷೆ ಮುಗಿದ ಮೇಲೆ ನೀನು ಊರಿಗೆ ಹೋದೆ. ಫಲಿತಾಂಶ ಬಂದಾಗ ನಿನ್ನ ಅಂಕಗಳನ್ನು ನೋಡಿಕೊಂಡು ಬಂದು ಇನ್‌ಲ್ಯಾಂಡ್ ಪತ್ರ ಬರೆದೆ, ಉತ್ತರ ಬರಲಿಲ್ಲ. ಕಾಲೇಜು ಸೇರಿದ ಮೇಲೆ ಬರೆದದ್ದು, ವಿಳಾಸದಾರರು ಊರಿನಲ್ಲಿಲ್ಲ ಎಂಬ ಷರಾ ಹೊತ್ತು ಹಿಂದಕ್ಕೆ ಬಂತು. ನೀವೆಲ್ಲ ಮನೆ ಬಿಟ್ಟು ಘಟ್ಟದ ಕೆಳಗೆ ಹೋದಿರೆಂದು ಒಬ್ಬರು, ಮೈಸೂರಿನ ಕಡೆಗೆಂದು ಇನ್ನೊಬ್ಬರು ಹೇಳಿದರು. ಜನ ಮತ್ತೇನೇನೋ ಹೇಳಿದರು. ಅದನ್ನು ನಾನು ಆಗಲೂ ಕೇಳಿಸಿಕೊಳ್ಳಲಿಲ್ಲ, ಈಗಲೂ ನಿನ್ನನ್ನು ಕೇಳುವುದಿಲ್ಲ. ಹೇಳಬೇಕೆನಿಸಿದ್ದನ್ನು ಹೇಳಬೇಕೆನಿಸಿದಾಗ ಹೇಳು. ಏನನ್ನೂ ಹೇಳದಿದ್ದರೂ ಬೇರೆ ಮಾತುಗಳು ನಮ್ಮಲ್ಲಿ ಬೇಕಾದಷ್ಟಿವೆ.

ನನ್ನ ಸಮಾಚಾರ ದೊಡ್ಡದೇನಿಲ್ಲ. ನಾನು ಸಾಗರ ಬಿಟ್ಟು ಹೋಗಲೇ ಇಲ್ಲ. ಬಿ.ಕಾಂ. ಮುಗಿಸಿ, ಅಡಿಕೆ ಬೆಳೆಗಾರರ ಒಂದು ಸಹಕಾರ ಸಂಘದಲ್ಲಿ ಲೆಕ್ಕಪತ್ರದ ಕೆಲಸಕ್ಕೆ ಸೇರಿದವಳು ಇನ್ನೂ ಅಲ್ಲಿಯೇ ಇದ್ದೇನೆ. ಯಜಮಾನರಿಗೆ ಊರಿನ ಹತ್ತಿರ ಸಣ್ಣ ತೋಟವಿದೆ. ಎಲೆಚುಕ್ಕೆ ರೋಗ ಬಂದಂದಿನಿಂದ ಮನೆಯಲ್ಲಿ ಔಷಧಿಯ ಮಾತೇ ಮಾತು. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಮಗಳು ಶಿವಮೊಗ್ಗದಲ್ಲಿ ಓದುತ್ತಿದ್ದಾಳೆ. ಅಮ್ಮ ನನ್ನ ಜೊತೆಯಲ್ಲಿಯೇ ಇದ್ದಾಳೆ. ಸುಮಿತ್ರಾ ಸಿಕ್ಕಿದ್ದಾಳೆ ಎಂದಾಗ, ಹಾಸ್ಟೆಲಿನ ಸಾರು ಸೇರದೆ ನಮ್ಮ ಮನೆಗೆ ತಂಬುಳಿಗೆ ಬರುತ್ತಿದ್ದವಳಾ ಎಂದು ತಕ್ಷಣ ಕೇಳಿದಳು. ನಿನ್ನೆ ತಿಂದ ತಿಂಡಿಯನ್ನು ಮರೆಯುವ ಅವಳಿಗೆ ಇದು ನೆನಪಿತ್ತು.

ಇನ್ನೊಬ್ಬರು ನಿನ್ನನ್ನು ಮರೆತಿಲ್ಲ. ಗಣಿತದ ಮೇಷ್ಟ್ರು ಸಾಗರದಲ್ಲಿಯೇ ಮಗನ ಮನೆಯಲ್ಲಿದ್ದಾರೆ. ಕಣ್ಣು ಮಂದವಾಗಿದೆ, ದನಿ ಕೇಳಿಯೇ ಗುರುತು ಹಿಡಿಯುತ್ತಾರೆ. ಹಳೆಯ ವಿದ್ಯಾರ್ಥಿಗಳು ಯಾರು ಹೋದರೂ, ಹೊಳೆಯಾಚೆಯ ಹುಡುಗಿ ಏನು ಓದಿದಳು ಎಂದು ವಿಚಾರಿಸುತ್ತಾರೆ. ನಮ್ಮಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ. ನನಗೂ ತಿಳಿಯಬೇಕಾದದ್ದು ಮೊದಲು ಅದೇ. ಕಾಲೇಜಿಗೆ ಹೋದೆಯಾ? ಲೆಕ್ಕವನ್ನೇ ಓದಿದೆಯಾ? ನಿನ್ನ ಪುಟದಲ್ಲಿ ಮೈಸೂರು ಎಂದಿರುವುದನ್ನು ಬಿಟ್ಟರೆ ಬೇರೇನೂ ನನಗೆ ತಿಳಿಯಲಿಲ್ಲ. ತಿಳಿಯುವುದಕ್ಕಾಗಿ ನಿನ್ನ ಸ್ನೇಹಿತರನ್ನೋ ಬಂಧುಗಳನ್ನೋ ಹುಡುಕಿ ಕೇಳುವ ಕೆಲಸವನ್ನು ನಾನು ಮಾಡಿಲ್ಲ, ಮಾಡುವುದೂ ಇಲ್ಲ. ಮೇಷ್ಟ್ರಿಗೂ ನೀನು ಸಿಕ್ಕಿದ ಸುದ್ದಿಯನ್ನು ಇನ್ನೂ ಹೇಳಿಲ್ಲ. ನಿನ್ನ ಒಪ್ಪಿಗೆ ಬಂದ ಮೇಲೆ ಹೇಳುತ್ತೇನೆ. ನಮ್ಮ ತರಗತಿಯವರದೊಂದು ವಾಟ್ಸ್ಆ್ಯಪ್ ಗುಂಪಿದೆ. ಅದಕ್ಕೆ ನಿನ್ನನ್ನು ಎಳೆದು ತರುವ ಉದ್ದೇಶವೂ ನನಗಿಲ್ಲ. ಅಲ್ಲಿ ಬೆಳಗಿನ ಹೊತ್ತು ಬರುವ ಸುಭಾಷಿತಗಳನ್ನು ನೋಡಿದರೆ, ಈ ವಿಷಯದಲ್ಲಿ ನೀನು ನನಗೆ ಕೃತಜ್ಞಳಾಗಿರುತ್ತೀಯ.

ನೀನು ಈ ಕಡೆಗೆ ಬರುವುದುಂಟೋ ಇಲ್ಲವೋ ತಿಳಿಯದು. ಬರುವ ಮನಸ್ಸಿದ್ದರೆ ದಾರಿ ಈಗ ಸುಲಭವಾಗಿದೆ. ಮೈಸೂರಿನಲ್ಲಿ ರಾತ್ರಿಯ ತಾಳಗುಪ್ಪ ರೈಲು ಹತ್ತಿದರೆ ಬೆಂಗಳೂರಿನ ಮೇಲೆ ಹಾದು ನಸುಕಿನ ಹೊತ್ತಿಗೆ ನೇರವಾಗಿ ಸಾಗರ ಜಂಬಗಾರು ನಿಲ್ದಾಣದಲ್ಲಿಯೇ ಇಳಿಯಬಹುದು. ನಮ್ಮ ಕಾಲದಲ್ಲಿ ತೆವಳುತ್ತಿದ್ದ ಮೀಟರ್ ಗೇಜ್ ಹಳಿ ಈಗ ಇಲ್ಲ. ಅಲ್ಲಿಂದ ನಿಮ್ಮೂರಿಗೆ ಲಾಂಚಿಗಾಗಿ ಕಾಯಬೇಕಾಗಿಯೂ ಇಲ್ಲ. 2025ರ ಜುಲೈ 14ರಂದು ಸೇತುವೆ ಉದ್ಘಾಟನೆಯಾದ ಮೇಲೆ ನಾನೂ ಅಮ್ಮನನ್ನು ಕೂರಿಸಿಕೊಂಡು ಅದರ ಮೇಲೆ ಹೋಗಿಬಂದೆ. 2 ಕಿಲೋಮೀಟರಿಗೂ ಹೆಚ್ಚು ಉದ್ದದ ಸೇತುವೆಯನ್ನು ಕಾರು ಕೆಲವೇ ನಿಮಿಷಗಳಲ್ಲಿ ದಾಟಿತು. ಅನಾರೋಗ್ಯದವರನ್ನು ಕರೆದುಕೊಂಡು ದಡದಲ್ಲಿ ಗಂಟೆಗಟ್ಟಲೆ ಕಾದವರಿಗೆ ಇದು ಎಷ್ಟು ದೊಡ್ಡ ವಿಷಯವೆಂಬುದು ನಿನಗೆ ನಾನು ಹೇಳಬೇಕಾಗಿಲ್ಲ. ಲಾಂಚ್ ಹೋಯಿತಲ್ಲ ಎಂದು ಚಿತ್ರಗಳ ಕೆಳಗೆ ಮರುಗುವವರಲ್ಲಿ ಬಹಳ ಮಂದಿ ಅದನ್ನು ವರ್ಷಕ್ಕೊಮ್ಮೆ ಸಿಗಂದೂರಿಗೆ ಹೋಗುವಾಗ ಹತ್ತಿದವರೇ ಎಂದು ನನ್ನ ಅನಿಸಿಕೆ. ಕಳಸವಳ್ಳಿ ದಾಟಿ ತುಮರಿಯ ವರೆಗೂ ಹೋಗಿ, ಅಲ್ಲಿಂದ ನಿಮ್ಮ ಹಳೆಯ ಮನೆಯ ಕಡೆಗಿನ ತಿರುವಿನಲ್ಲಿ ಗಾಡಿ ನಿಲ್ಲಿಸಿದ್ದೆವು. ಒಳಗೆ ಹೋಗಲಿಲ್ಲ. ಈಗ ಅಲ್ಲಿ ಯಾರಿದ್ದಾರೋ ತಿಳಿಯದೆ, ನೀನಿಲ್ಲದೆ ಹೋಗುವುದು ಸರಿಯೆನಿಸಲಿಲ್ಲ.

ಉತ್ತರಿಸಲೇಬೇಕೆಂಬ ಒತ್ತಾಯ ಖಂಡಿತ ಇಲ್ಲ. ಹಳೆಯದನ್ನು ಮತ್ತೆ ತೆರೆಯುವುದು ಬೇಡವೆನಿಸಿದರೆ ಸುಮ್ಮನಿರು, ನಾನು ಎರಡನೆಯ ಸಲ ಬರೆದು ಕಾಡುವುದಿಲ್ಲ. ಬರೆಯುವ ಮನಸ್ಸಾದರೆ ಎರಡು ಸಾಲು ಸಾಕು. ನಾನು ಫೋನ್ ನಂಬರನ್ನು ಆಗ ಕಳುಹಿಸುತ್ತೇನೆ. ಸಂಘದಲ್ಲಿ ಸಂಜೆ ಐದೂವರೆಯ ವರೆಗೆ ಕೆಲಸ, ಅಡಿಕೆ ಬರುವ ದಿನಗಳಲ್ಲಿ ಇನ್ನೂ ತಡವಾಗುತ್ತದೆ. ಆದ್ದರಿಂದ ರಾತ್ರಿ ಎಂಟರ ನಂತರ ಅಥವಾ ಭಾನುವಾರ ಮಾತನಾಡುವುದು ನನಗೆ ಅನುಕೂಲ. ನಿನಗೆ ಯಾವ ಹೊತ್ತು ಆಗುತ್ತದೆಂದು ತಿಳಿಸು. ಅಮ್ಮನಿಗೂ ಮಾತನಾಡಬೇಕಂತೆ, ಅವಳಿಗೆ ಮಾತ್ರ ಸ್ವಲ್ಪ ಗಟ್ಟಿಯಾಗಿ ಹೇಳಬೇಕು.

ನಿನ್ನ,
ಲಲಿತಾ