ಆರು ಕಸೂತಿ ಸೀರೆಗಳ ಆರ್ಡರ್: ಮೂರು ಆಗಸ್ಟ್ 4ಕ್ಕೆ, ಉಳಿದ ಮೂರಕ್ಕೆ ಆಗಸ್ಟ್ 20ರವರೆಗೆ ಸಮಯ ಕೋರಿ

ಧಾರವಾಡ
28 ಜುಲೈ 2025, ಸೋಮವಾರ

ನಮಸ್ಕಾರ ಮೇಡಂ,

ಆಗಸ್ಟ್ 4ಕ್ಕೆ ಆರೂ ಸೀರೆ ನಿಮ್ಮ ಅಂಗಡಿಗೆ ಮುಟ್ಟಿಸ್ತೀವಿ ಅಂತ ಮಾತು ಕೊಟ್ಟಿದ್ದೆ. ಆರೂ ಆಗುವುದಿಲ್ಲ. ಮೂರು ರೆಡಿ ಇವೆ, ಅವು ಹೇಳಿದ ದಿನವೇ ಬರುತ್ತವೆ. ಉಳಿದ ಮೂರಕ್ಕೆ, ಅಂದರೆ ಹಸಿರು ಒಂದು, ಕಪ್ಪು ಚಂದ್ರಕಾಳಿ ಎರಡು, ಆಗಸ್ಟ್ 20 ಬುಧವಾರದವರೆಗೆ ಸಮಯ ಕೊಡಬೇಕು ಅಂತ ಕೇಳಿಕೊಳ್ಳಲು ಈ ಪತ್ರ.

ವರಮಹಾಲಕ್ಷ್ಮಿ ಹಬ್ಬ 8ನೇ ತಾರೀಖು ಇದೆ, ಅದಕ್ಕೇ ನೀವು 4 ಅಂತ ಹೇಳಿದ್ದು ಅನ್ನೋದು ನನಗೆ ಚೆನ್ನಾಗಿ ನೆನಪಿದೆ. ಹಬ್ಬದ ವ್ಯಾಪಾರಕ್ಕೆ ಮೂರೇ ಸೀರೆ ಸಿಗುತ್ತವೆ ಅಂದರೆ ನಿಮಗೆ ಬೇಜಾರಾಗುವುದು ಸಹಜ. ಗೌರಿ ಹಬ್ಬ 26ಕ್ಕೆ ಇದೆ. ಉಳಿದವು ಅದಕ್ಕಿಂತ ಆರು ದಿನ ಮೊದಲು ನಿಮ್ಮ ಕೈಯಲ್ಲಿ ಇರಬೇಕು ಅಂತ 20 ಹಿಡಿದಿದ್ದೇನೆ.

ತಡ ಯಾಕಾಯ್ತು ಅಂತ ಮುಚ್ಚಿಡದೆ ಹೇಳುತ್ತೇನೆ. ಪಂಚಮಿ ಕಾರಣ ಅಲ್ಲ. ನಮ್ಮ ಕಡೆ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗೇ ಹೋಗುತ್ತಾರೆ, ಆ ರಜೆಯನ್ನ ಆರ್ಡರ್ ತಗೊಳ್ಳುವಾಗಲೇ ಲೆಕ್ಕಕ್ಕೆ ಹಿಡಿದಿದ್ದೆ. ನಾನು ಲೆಕ್ಕ ತಪ್ಪಿದ್ದು ಬೇರೆ ಕಡೆ.

ನಮ್ಮಲ್ಲಿ ನಾನು ಸೇರಿ ಆರು ಜನ ಕೂರುತ್ತೇವೆ. ಅದರಲ್ಲಿ ಹಿರಿಯರು ದೊಡ್ಡವ್ವ. ಮೇ ತಿಂಗಳಲ್ಲಿ ನೀವು ಬಂದಾಗ ಕಿಟಕಿ ಪಕ್ಕ ಕೂತು ತೇರು ಹಾಕುತ್ತಿದ್ದರಲ್ಲ, ನೀವು ಫೋಟೋ ಕೂಡ ತೆಗೆದಿರಿ, ಅವರೇ. ಜುಲೈ 14ಕ್ಕೆ ಅವರಿಗೆ ಕಣ್ಣಿನ ಪೊರೆ ಆಪರೇಷನ್ ಆಯಿತು. ಮಳೆಗಾಲ ಮುಗಿದ ಮೇಲೆ ಮಾಡಿಸೋಣ ಅಂತಿದ್ದೆವು, ಆದರೆ ಡಾಕ್ಟರು ಮುಂದೆ ಹಾಕಬೇಡಿ ಅಂದರು. ಒಂದು ತಿಂಗಳು ಸೂಜಿ ಮುಟ್ಟುವಂತಿಲ್ಲ. ಕಪ್ಪು ಸೀರೆ ಎರಡರಲ್ಲೂ ಸೆರಗಿನ ಹತ್ತಿರದ ತೇರು, ಆನೆ ಅಂಬಾರಿ ಅವರೇ ಹಾಕಬೇಕಿತ್ತು. ಆ ಕೆಲಸ ಈಗ ನಮ್ಮ ಕೈಗೆ ಬಂದಿದೆ. ನಮ್ಮ ಕೈ ಅವರಷ್ಟು ಬೇಗ ಓಡುವುದಿಲ್ಲ.

ಇದನ್ನ 14ಕ್ಕೇ ನಿಮಗೆ ತಿಳಿಸಬೇಕಿತ್ತು. ಸಂಜೆ ಒಂದೊಂದು ಗಂಟೆ ಜಾಸ್ತಿ ಕೂತರೆ ಸರಿದೂಗುತ್ತದೆ ಅಂತ ನಾನೇ ಧೈರ್ಯ ತಂದುಕೊಂಡೆ. ಅದು ನನ್ನ ತಪ್ಪು. ಕ್ಷಮಿಸಿ.

ಯಾಕೆ ಸರಿದೂಗಲಿಲ್ಲ ಅಂದರೆ, ಕಪ್ಪು ಬಟ್ಟೆ ಸಂಜೆ ಕೂರಲು ಬಿಡುವುದಿಲ್ಲ. ಕಸೂತಿಗೆ ನಾವು ಬಟ್ಟೆ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿಯೇ ಹಾಕಬೇಕು. ಹಸಿರು, ಕೆಂಪು ಬಟ್ಟೆಯಲ್ಲಿ ಟ್ಯೂಬ್ ಲೈಟಿಗೂ ಎಳೆ ಕಾಣುತ್ತವೆ. ಕಪ್ಪಿನಲ್ಲಿ ಕಾಣುವುದಿಲ್ಲ. ತೊಡೆ ಮೇಲೆ ಬಿಳಿ ಪಂಚೆ ಹಾಸಿಕೊಂಡು ಅದರ ಮೇಲೆ ಸೀರೆ ಹರಡಿದರೆ, ಎಳೆ ನಡುವಿನ ಸಂದಿಯಲ್ಲಿ ಬಿಳುಪು ಇಣುಕುತ್ತದೆ. ಆಗ ಎಣಿಸಬಹುದು. ಅದಕ್ಕೂ ಹಗಲಿನ ಬೆಳಕು ಬೇಕು. ಧಾರವಾಡದ ಜುಲೈ ನಿಮಗೆ ಗೊತ್ತಲ್ವಾ, ಜಿಟಿಜಿಟಿ ಮಳೆ, ಮಧ್ಯಾಹ್ನ ಮೂರಕ್ಕೇ ಸಂಜೆ ಆದಂಗೆ. ಈ ಸಲ ದಿನಕ್ಕೆ ನಾಲ್ಕು ಗಂಟೆ ಒಳ್ಳೆ ಬೆಳಕು ಸಿಕ್ಕರೆ ದೊಡ್ಡದು ಅನ್ನುವ ಹಾಗಾಗಿತ್ತು. ಮೊಬೈಲ್ ಟಾರ್ಚ್ ಹಿಡಿದೂ ನೋಡಿದೆವು. ಒಬ್ಬರು ಹಿಡಿಯಬೇಕು, ಒಬ್ಬರು ಹಾಕಬೇಕು, ಅರ್ಧ ಗಂಟೆಗೆ ಇಬ್ಬರಿಗೂ ತಲೆನೋವು. ಬಿಟ್ಟುಬಿಟ್ಟೆವು.

ಇನ್ನು ಹಸಿರು ಸೀರೆ. ಅದು ಮುಗಿದಂತೆಯೇ ಇತ್ತು. ಮೊನ್ನೆ ಶನಿವಾರ ಮಡಚಿ ನೋಡಿದಾಗ ಅಂಚಿನ ಮೇಲಿನ ಸಾಲಿನಲ್ಲಿ ಒಂದು ಗೋಪುರದ ಕಳಸ ನಡುವೆ ಕೂತಿರಲಿಲ್ಲ, ಬಲಕ್ಕೆ ಸರಿದಿತ್ತು. ಹಿಂದಕ್ಕೆ ಎಣಿಸುತ್ತಾ ಹೋದೆ. ಬುಡದ ಎರಡನೇ ಮೆಟ್ಟಿಲಲ್ಲಿ ನಾಲ್ಕು ಎಳೆ ಹಿಡಿಯುವ ಕಡೆ ಐದು ಹಿಡಿದಿದೆ. ಅಷ್ಟೇ ತಪ್ಪು. ಆದರೆ ಪಕ್ಕದ ಗೋಪುರ ಇದರ ಲೆಕ್ಕ ನೋಡಿ ಎದ್ದದ್ದು, ಅದರ ಪಕ್ಕದ್ದು ಅದನ್ನ ನೋಡಿ. ಹೀಗೆ ಒಟ್ಟು ಏಳು ಗೋಪುರ ಹಾಳಾಗಿವೆ. ಕಪ್ಪು ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂತಿದ್ದ ದೊಡ್ಡವ್ವನಿಗೆ ವಿಷಯ ಹೇಳಿದೆ. "ಹಿಂಗ ಬಿಟ್ರ ಕಳಸ ಬಾಜೂ ಮನಿಗೆ ಹೋಗ್ತದ, ಬಿಚ್ಚು" ಅಂದರು.

ಬಿಚ್ಚುವುದು ಹಾಕುವುದಕ್ಕಿಂತ ನಿಧಾನ. ಗವಂತಿ ಹೊಲಿಗೆ ಹೋಗುವಾಗ ಒಂದು ಬಿಟ್ಟು ಒಂದು ಹಾಕಿಕೊಂಡು ಹೋಗುತ್ತದೆ, ಬರುವಾಗ ಖಾಲಿ ಬಿಟ್ಟ ಜಾಗ ತುಂಬಿಕೊಂಡು ಬರುತ್ತದೆ. ಗಂಟು ಎಲ್ಲೂ ಇರುವುದಿಲ್ಲ. ಹಾಗಾಗಿ ಕತ್ತರಿಸಿ ಎಳೆದರೆ ಬಟ್ಟೆಯ ಎಳೆಯೇ ಜಗ್ಗುತ್ತದೆ. ಸೂಜಿಯ ಹಿಂಬದಿಯಿಂದ ಒಂದೊಂದೇ ಹೊಲಿಗೆ ಎತ್ತಿ, ಹೇಗೆ ಬಂತೋ ಹಾಗೇ ವಾಪಸ್ ಕಳಿಸಬೇಕು. ಆಮೇಲೆ ಆ ಜಾಗದಲ್ಲಿ ಸಣ್ಣ ಸಣ್ಣ ತೂತು ಉಳಿಯುತ್ತವೆ. ಒದ್ದೆ ಬೆರಳಿನಿಂದ ತೀಡಿ, ಹಸಿ ಬಟ್ಟೆ ಮೇಲಿಟ್ಟು ಇಸ್ತ್ರಿ ಮಾಡಿ, ಎಳೆಗಳು ಮತ್ತೆ ಕೂಡಿಕೊಂಡ ಮೇಲೆ ಹೊಸದಾಗಿ ಶುರು. ನಿನ್ನೆ ಸಂಜೆಯವರೆಗೆ ಎರಡು ಗೋಪುರ ಬಿಚ್ಚಿದ್ದೇನೆ.

ನಿಜ ಹೇಳಬೇಕು ಅಂದರೆ, ಸೀರೆ ಉಟ್ಟಾಗ ಆ ಏಳೂ ನೆರಿಗೆಯಲ್ಲಿ ಮುಚ್ಚಿ ಹೋಗುತ್ತಿದ್ದವು. ಹಾಗೇ ಕಳಿಸಿಬಿಡೋಣ ಅಂತ ಒಂದು ಕ್ಷಣ ನನಗೂ ಅನ್ನಿಸಿತು. ಆದರೆ ಗಿರಾಕಿ ಕೌಂಟರ್ ಮೇಲೆ ಸೀರೆ ಬಿಚ್ಚಿ ಹರಡಿದಾಗ ಮಾತು ಕೇಳಬೇಕಾದವರು ನೀವು. ಕಪ್ಪು ಸೀರೆಯ ಅರ್ಧ ಕೆಲಸ ಮಷಿನ್‌ಗೆ ಕೊಡಿ, ಯಾರಿಗೆ ಗೊತ್ತಾಗುತ್ತದೆ ಅಂತ ಪರಿಚಯದವರೊಬ್ಬರು ಸಲಹೆ ಕೊಟ್ಟರು. ನಿಮಗೆ ಗೊತ್ತಾಗುತ್ತದೆ. ಮೊದಲ ಸಲ ಬಂದಾಗ ನೀವು ಮಾತಾಡುವ ಮೊದಲೇ ಸೀರೆ ಉಲ್ಟಾ ಮಾಡಿ ಗವಂತಿ ಎರಡೂ ಕಡೆ ಒಂದೇ ಥರ ಇದೆಯಾ ಅಂತ ನೋಡಿದವರು.

ಇನ್ನೂ ಇಬ್ಬರನ್ನ ಸೇರಿಸಿಕೊಂಡರೆ ಬೇಗ ಆಗಲ್ವಾ ಅಂತ ನೀವು ಕೇಳಬಹುದು. ಅದನ್ನೂ ಯೋಚನೆ ಮಾಡಿದೆ. ಒಬ್ಬೊಬ್ಬರು ದಾರ ಎಳೆಯುವ ಬಿಗಿ ಒಂದೊಂದು ಥರ. ಒಂದು ಸೀರೆಗೆ ಇಬ್ಬರು ಕೂರಬಹುದು, ಒಬ್ಬರು ಸೆರಗಿನ ಕಡೆ, ಇನ್ನೊಬ್ಬರು ಒಡಲಿಗೆ. ಮೂರನೇ ಕೈ ಬಿದ್ದರೆ ಸಾಲು ಅಲ್ಲಲ್ಲಿ ಸಡಿಲ, ಅಲ್ಲಲ್ಲಿ ಸುಕ್ಕು.

20 ಅಂತ ಹೇಗೆ ಬಂತು ಅಂದರೆ ಹೀಗೆ. ಪಂಚಮಿ ಮುಗಿಸಿ ಎಲ್ಲರೂ 31ಕ್ಕೆ ವಾಪಸ್ ಬರುತ್ತಾರೆ. ಆಗಸ್ಟ್ 1ರಿಂದ 17ರವರೆಗೆ ಹದಿನೇಳು ದಿನ. ಅದರಲ್ಲಿ 8 ಮತ್ತು 15 ರಜೆ, ಉಳಿದದ್ದು ಹದಿನೈದು. ಕಪ್ಪು ಸೀರೆಗೆ ತಲಾ ಇಬ್ಬರು ಕೂತರೆ ಹನ್ನೆರಡು ದಿನದ ಕೆಲಸ ಬಾಕಿ ಇದೆ. ಮೂರು ದಿನ ಮೋಡಕ್ಕೆ ಅಂತ ಬಿಟ್ಟಿದ್ದೇನೆ. ಹಸಿರು ಸೀರೆ ನಾನೇ ಮುಗಿಸುತ್ತೇನೆ, ಪಂಚಮಿಗೆ ನಾನು ಎಲ್ಲೂ ಹೋಗುತ್ತಿಲ್ಲ. 18ಕ್ಕೆ ಇಸ್ತ್ರಿ, ಕುಚ್ಚು. 19ರ ರಾತ್ರಿ ನನ್ನ ತಮ್ಮ ಹುಬ್ಬಳ್ಳಿಯಿಂದ ಬಸ್ ಹತ್ತುತ್ತಾನೆ. 20ರ ಬೆಳಿಗ್ಗೆ ನೀವು ಅಂಗಡಿ ತೆಗೆಯುವ ಹೊತ್ತಿಗೆ ಅಲ್ಲಿರುತ್ತಾನೆ. ದೊಡ್ಡವ್ವನನ್ನ ಈ ಲೆಕ್ಕದಲ್ಲಿ ಹಿಡಿದೇ ಇಲ್ಲ. 11ಕ್ಕೆ ಡಾಕ್ಟರು ನೋಡುತ್ತಾರೆ, ಹೂಂ ಅಂದರೂ ಅವರನ್ನ ಈ ಕಪ್ಪು ಸೀರೆಗೆ ಕೂರಿಸುವುದಿಲ್ಲ.

ಎರಡು ಕಪ್ಪು ಸೀರೆಗಳಲ್ಲಿ ಒಂದು ನಿಮ್ಮ ಗಿರಾಕಿಯ ಮಗಳ ಮದುವೆಗೆ ಅಂತ ಹೇಳಿದ್ದಿರಿ. ಮದುವೆ ಕಾರ್ತಿಕದಲ್ಲಿ ಅಂತ ನೆನಪು. ಫಾಲ್ಸ್, ರವಿಕೆ ಹೊಲಿಸಲು 20ರ ನಂತರ ಸಾಕಷ್ಟು ಸಮಯ ಇರುತ್ತದೆ ಅಂದುಕೊಂಡಿದ್ದೇನೆ. ಅವರಿಗೆ ಅದಕ್ಕೂ ಮೊದಲು ಬೇಕು ಅಂದರೆ ಹೇಳಿ, ಎರಡರಲ್ಲಿ ಅದನ್ನೇ ಮುಂದೆ ಮಾಡಿ 16ಕ್ಕೆ ಕಳಿಸುತ್ತೇನೆ. ಆಗ ಇನ್ನೊಂದು 22 ಆಗುತ್ತದೆ, ಅದನ್ನ ಈಗಲೇ ಹೇಳಿಬಿಡುತ್ತೇನೆ.

ದುಡ್ಡಿನ ವಿಷಯ. ಆರು ಸೀರೆಗೆ ಒಟ್ಟು 66,000, ನೀವು ಕೊಟ್ಟ ಮುಂಗಡ 30,000. ತಡವಾಗುವ ಮೂರಕ್ಕೆ ತಲಾ 600 ಕಡಿಮೆ ಮಾಡುತ್ತೇನೆ. ಇದು ನನ್ನ ಪಾಲಿನಿಂದ ಹೋಗುತ್ತದೆ, ಹೆಣ್ಣುಮಕ್ಕಳ ಕೂಲಿಯಿಂದ ಅಲ್ಲ. ಅಲ್ಲಿಗೆ ಬಾಕಿ 34,200. ಅದನ್ನ ಆರೂ ಸೀರೆ ನೋಡಿದ ಮೇಲೆ ಕೊಟ್ಟರೆ ಸಾಕು, 4ಕ್ಕೆ ಏನೂ ಕೊಡಬೇಡಿ. ಇಲ್ಲ, ಹಬ್ಬ ಕಳೆದ ಮೇಲೆ ಹಸಿರು ಸೀರೆ ಬೇಡ, ಮದುವೆಯದು ಒಂದೇ ಸಾಕು ಅನ್ನುವುದಾದರೂ ನನ್ನ ತಕರಾರಿಲ್ಲ. ಯಾವುದನ್ನ ಬಿಡುತ್ತೀರೋ ಅದರ ದುಡ್ಡು ಲೆಕ್ಕದಿಂದ ತೆಗೆದುಬಿಡೋಣ. ಆ ಸೀರೆಗೆ ಇಲ್ಲೇ ಬೇರೆ ಗಿರಾಕಿ ನೋಡಿಕೊಳ್ಳುತ್ತೇನೆ.

ರೆಡಿ ಇರುವ ಮೂರರ ಫೋಟೋ ಇದರ ಜೊತೆ ಕಳಿಸಿದ್ದೇನೆ, ಮುಂದೆ ಹಿಂದೆ ಎರಡೂ ಕಡೆಯದು. ಹಸಿರು ಸೀರೆಯಲ್ಲಿ ಕಳಸ ಸರಿದ ಗೋಪುರದ ಫೋಟೋನೂ ಇದೆ. ಇನ್ನು ಮುಂದೆ ಪ್ರತಿ ಶನಿವಾರ ಸಂಜೆ ಎಲ್ಲಿಗೆ ಬಂತು ಅಂತ ನಾನೇ ಫೋಟೋ ಹಾಕುತ್ತೇನೆ, ನೀವು ಕೇಳುವವರೆಗೆ ಕಾಯುವುದಿಲ್ಲ.

ಆಗಸ್ಟ್ 1 ಶುಕ್ರವಾರ ಬೆಳಿಗ್ಗೆ ಎಲ್ಲರನ್ನೂ ಕೆಲಸಕ್ಕೆ ಕೂರಿಸಬೇಕು. ಅದಕ್ಕೆ ಮೊದಲು, ಗುರುವಾರ ರಾತ್ರಿಯೊಳಗೆ, 20 ಒಪ್ಪಿಗೆಯೋ ಇಲ್ಲವೋ ತಿಳಿಸಿದರೆ ಉಪಕಾರ. ಫೋನಿನಲ್ಲಿ ಮಾತಾಡುವುದೇ ಸುಲಭ ಅನ್ನಿಸಿದರೆ ಯಾವಾಗ ಬೇಕಾದರೂ ಮಾಡಿ. ಬೈಯುವುದಿದ್ದರೂ ಬೈದುಬಿಡಿ, ಕೇಳಿಸಿಕೊಳ್ಳುತ್ತೇನೆ.

ನಿಮ್ಮ,
ಗಂಗಾ

ಮರೆತಿದ್ದೆ: ಎರಡನೇ ಕಪ್ಪು ಸೀರೆಯಲ್ಲಿ ತುಳಸಿ ಕಟ್ಟೆಗೆ ಹಳದಿ ದಾರ ಹೇಳಿದ್ದಿರಿ. ಬಟ್ಟೆ ಮೇಲೆ ಇಟ್ಟು ನೋಡಿದರೆ ಅದು ಪಕ್ಕದ ಕೆಂಪನ್ನ ನುಂಗುತ್ತಿದೆ. ಬಿಳಿ ಹಾಕಲಾ? ಎರಡೂ ದಾರದ ಫೋಟೋ ಕೊನೆಯಲ್ಲಿದೆ, ನೋಡಿ ಹೇಳಿ.