ಬೀಟಾ ಬ್ಲಾಕರ್‌ಗಳು: ಬಿ.ಎಸ್ಸಿ ನರ್ಸಿಂಗ್ ವಿದ್ಯಾರ್ಥಿಗಳಿಗೆ ಓದುವ ಟಿಪ್ಪಣಿ

ಈ ಪಾಠವನ್ನು ಔಷಧಿಗಳ ಹೆಸರಿನಿಂದ ಶುರು ಮಾಡಬೇಡಿ. ಯಾವ ರಿಸೆಪ್ಟರ್ ದೇಹದಲ್ಲಿ ಎಲ್ಲಿದೆ ಅನ್ನೋದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ಅದು ಗೊತ್ತಿದ್ದರೆ ಔಷಧಿಯ ಉಪಯೋಗ, ಅಡ್ಡ ಪರಿಣಾಮ, ವಾರ್ಡಿನಲ್ಲಿ ನೀವು ನೋಡಬೇಕಾದ್ದು, ಮೂರನ್ನೂ ಊಹಿಸಿಯೇ ಬರೆಯಬಹುದು. ಬಾಯಿಪಾಠ ಮಾಡಬೇಕಾದ್ದು ತುಂಬಾ ಕಡಿಮೆ.

ರಿಸೆಪ್ಟರ್ ಎಲ್ಲಿದೆ?

ಬೀಟಾ-1 ಮುಖ್ಯವಾಗಿ ಹೃದಯದಲ್ಲಿದೆ, ಕಿಡ್ನಿಯಲ್ಲೂ ಇದೆ. ಅಡ್ರಿನಲಿನ್ ಬಂದು ಇಲ್ಲಿ ಕೂತರೆ ಹೃದಯ ಜೋರಾಗಿ, ವೇಗವಾಗಿ ಬಡಿಯುತ್ತದೆ. ಎವಿ ನೋಡ್‌ನಲ್ಲಿ ಸಿಗ್ನಲ್ ಬೇಗ ದಾಟುತ್ತದೆ. ಕಿಡ್ನಿ ರೆನಿನ್ ಬಿಡುತ್ತದೆ, ಬಿಪಿ ಏರುತ್ತದೆ.

ಬೀಟಾ-2 ಶ್ವಾಸನಾಳ, ಕೆಲವು ರಕ್ತನಾಳ, ಗರ್ಭಕೋಶ, ಲಿವರ್ ಮತ್ತು ಮಾಂಸಖಂಡಗಳಲ್ಲಿದೆ. ಇದು ಕೆಲಸ ಮಾಡಿದರೆ ಶ್ವಾಸನಾಳ ಅಗಲವಾಗುತ್ತದೆ, ಲಿವರ್ ರಕ್ತಕ್ಕೆ ಸಕ್ಕರೆ ಬಿಡುತ್ತದೆ, ಕೈ ನಡುಗುತ್ತದೆ.

ಔಷಧಿ ಮಾಡೋದೇನು?

ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತಾರಲ್ಲ, ಅದೇ ಕೆಲಸ. ಔಷಧಿ ರಿಸೆಪ್ಟರ್ ಮೇಲೆ ಕೂತು ಅಡ್ರಿನಲಿನ್‌ಗೆ ಜಾಗ ಬಿಡುವುದಿಲ್ಲ. ತಾನು ಏನೂ ಕೆಲಸ ಮಾಡಿಸುವುದೂ ಇಲ್ಲ. ಪಿಂಡೊಲಾಲ್‌ನಂಥ ಕೆಲವು ಮಾತ್ರ ಸ್ವಲ್ಪ ಪ್ರಚೋದನೆ ಕೊಡುತ್ತವೆ. ಜೀವಕೋಶದ ಒಳಗೆ ಸೈಕ್ಲಿಕ್ ಎಎಂಪಿ ಕಡಿಮೆಯಾಗುತ್ತದೆ, ಕ್ಯಾಲ್ಸಿಯಂ ಒಳಬರುವುದು ಕಡಿಮೆಯಾಗುತ್ತದೆ. ಹೃದಯ ನಿಧಾನವಾಗುತ್ತದೆ, ಹಿಂಡುವ ಬಲ ತಗ್ಗುತ್ತದೆ, ಅದಕ್ಕೆ ಬೇಕಾದ ಆಮ್ಲಜನಕವೂ ಕಡಿಮೆ ಸಾಕು. ಆಂಜೈನಾದಲ್ಲಿ ಎದೆನೋವು ತಗ್ಗುವುದು ಇದೇ ಕಾರಣಕ್ಕೆ. ಜೇಮ್ಸ್ ಬ್ಲ್ಯಾಕ್ ಪ್ರೊಪ್ರಾನೊಲಾಲ್ ಕಂಡುಹಿಡಿದಿದ್ದೂ ಈ ಯೋಚನೆಯಿಂದಲೇ. ಹೃದಯಕ್ಕೆ ರಕ್ತ ಜಾಸ್ತಿ ಕಳಿಸುವ ಬದಲು ಹೃದಯದ ಬೇಡಿಕೆಯನ್ನೇ ಇಳಿಸೋಣ ಅಂತ. ಅವರಿಗೆ 1988ರಲ್ಲಿ ನೊಬೆಲ್ ಸಿಕ್ಕಿತು.

ಗುಂಪುಗಳು

ಎರಡೂ ರಿಸೆಪ್ಟರ್ ತಡೆಯುವವು: ಪ್ರೊಪ್ರಾನೊಲಾಲ್, ನಡೊಲಾಲ್, ಟಿಮೊಲಾಲ್, ಸೊಟಲಾಲ್. ಹೆಚ್ಚಾಗಿ ಬೀಟಾ-1 ಮಾತ್ರ ತಡೆಯುವವು: ಮೆಟೊಪ್ರೊಲಾಲ್, ಅಟೆನೊಲಾಲ್, ಬೈಸೊಪ್ರೊಲಾಲ್, ನೆಬಿವೊಲಾಲ್, ಎಸ್ಮೊಲಾಲ್. ಆಲ್ಫಾವನ್ನೂ ಸೇರಿಸಿ ತಡೆಯುವವು: ಕಾರ್ವೆಡಿಲಾಲ್, ಲ್ಯಾಬೆಟಲಾಲ್. ‘ಹೆಚ್ಚಾಗಿ’ ಅನ್ನೋ ಮಾತಿಗೆ ಗೆರೆ ಎಳೆದುಕೊಳ್ಳಿ. ಡೋಸ್ ಏರಿಸಿದರೆ ಮೆಟೊಪ್ರೊಲಾಲ್ ಕೂಡ ಬೀಟಾ-2 ಅನ್ನು ಬಿಡುವುದಿಲ್ಲ.

ಉಪಯೋಗಗಳನ್ನು ಬೇಗ ನೋಡಿಬಿಡೋಣ. ಬಿಪಿ, ಆಂಜೈನಾ, ಹಾರ್ಟ್ ಅಟ್ಯಾಕ್ ಆದ ಮೇಲೆ, ಹೃದಯದ ಲಯ ತಪ್ಪಿದಾಗ, ಮೈಗ್ರೇನ್ ಬಾರದಂತೆ ತಡೆಯಲು, ಥೈರಾಯ್ಡ್ ಜಾಸ್ತಿಯಾಗಿ ಎದೆ ಹೊಡೆದುಕೊಂಡಾಗ, ಕೈ ನಡುಕಕ್ಕೆ. ಗ್ಲಾಕೋಮಾಕ್ಕೆ ಟಿಮೊಲಾಲ್ ಹನಿ. ಗರ್ಭಿಣಿಯರ ಬಿಪಿಗೆ ಲ್ಯಾಬೆಟಲಾಲ್. ಲೇಬರ್ ವಾರ್ಡಿನಲ್ಲಿ ಇದನ್ನು ಖಂಡಿತ ನೋಡುತ್ತೀರಿ.

ಹಾರ್ಟ್ ಫೇಲ್ಯೂರ್ ಮಾತ್ರ ಎಲ್ಲರನ್ನೂ ಗೊಂದಲಕ್ಕೆ ಹಾಕುತ್ತದೆ. ಹೃದಯದ ಬಲ ಕಡಿಮೆ ಮಾಡುವ ಔಷಧಿಯನ್ನು ಬಲವಿಲ್ಲದ ಹೃದಯಕ್ಕೆ ಯಾಕೆ ಕೊಡಬೇಕು? ಯಾಕೆಂದರೆ ಅಂಥ ಹೃದಯವನ್ನು ಅಡ್ರಿನಲಿನ್ ಹಗಲು ರಾತ್ರಿ ದುಡಿಸಿ ಇನ್ನಷ್ಟು ಹಾಳು ಮಾಡುತ್ತಿರುತ್ತದೆ. ಆ ಒತ್ತಡ ತಪ್ಪಿಸಿದರೆ ರೋಗಿ ಹೆಚ್ಚು ದಿನ ಬದುಕುತ್ತಾರೆ. ಆದರೆ ಶುರು ತೀರಾ ಚಿಕ್ಕ ಡೋಸ್‌ನಲ್ಲಿ. ಉದಾಹರಣೆಗೆ, ಕಾರ್ವೆಡಿಲಾಲ್ 3.125 ಎಂಜಿ ದಿನಕ್ಕೆ ಎರಡು ಸಲ. ಶ್ವಾಸಕೋಶದಲ್ಲಿ ನೀರು ತುಂಬಿ ಏದುಸಿರು ಬಿಡುತ್ತಿರುವ ರೋಗಿಗೆ ಆಗಲೇ ಹೊಸದಾಗಿ ಶುರು ಮಾಡುವುದಿಲ್ಲ. ಇದಕ್ಕೆ ಸಾಕ್ಷ್ಯ ಇರುವ ಮೂರು ಹೆಸರು: ಕಾರ್ವೆಡಿಲಾಲ್, ಬೈಸೊಪ್ರೊಲಾಲ್, ಮೆಟೊಪ್ರೊಲಾಲ್ ಸಕ್ಸಿನೇಟ್.

ಅಡ್ಡ ಪರಿಣಾಮಗಳು

ಬೀಟಾ-1 ತಡೆದರೆ ನಾಡಿ ನಿಧಾನ, ಬಿಪಿ ಕಡಿಮೆ, ಹಾರ್ಟ್ ಬ್ಲಾಕ್, ಸುಸ್ತು. ಬೀಟಾ-2 ತಡೆದರೆ ಶ್ವಾಸನಾಳ ಬಿಗಿಯುವುದು, ಕೈಕಾಲು ತಣ್ಣಗಾಗುವುದು. ಪ್ರೊಪ್ರಾನೊಲಾಲ್ ಕೊಬ್ಬಿನಲ್ಲಿ ಕರಗುವುದರಿಂದ ಮೆದುಳಿಗೂ ಹೋಗುತ್ತದೆ, ಕೆಟ್ಟ ಕನಸು ತರುತ್ತದೆ. ಗಂಡಸರಲ್ಲಿ ಲೈಂಗಿಕ ತೊಂದರೆ ಆಗಬಹುದು. ಇದನ್ನು ಅವರಾಗಿ ಹೇಳುವುದಿಲ್ಲ, ಸುಮ್ನೆ ಮಾತ್ರೆ ಬಿಟ್ಟುಬಿಡುತ್ತಾರೆ.

ಸಕ್ಕರೆ ಕಾಯಿಲೆಯವರ ವಿಷಯ ಪರೀಕ್ಷೆಯಲ್ಲೂ ಮುಖ್ಯ, ವಾರ್ಡಿನಲ್ಲೂ ಮುಖ್ಯ. ಸಕ್ಕರೆ ಕುಸಿದಾಗ ಎದೆ ಹೊಡೆದುಕೊಳ್ಳುವುದು, ಕೈ ನಡುಗುವುದು ಎಚ್ಚರಿಕೆಯ ಲಕ್ಷಣಗಳು. ಎರಡನ್ನೂ ಈ ಔಷಧಿ ಮುಚ್ಚಿಹಾಕುತ್ತದೆ. ಬೆವರು ಮಾತ್ರ ಬರುತ್ತದೆ, ಏಕೆಂದರೆ ಬೆವರಿನ ಗ್ರಂಥಿಗೆ ಆಜ್ಞೆ ಹೋಗುವುದು ಅಸಿಟೈಲ್‌ಕೋಲಿನ್ ಮೂಲಕ. ಹಾಗಾಗಿ ಇನ್ಸುಲಿನ್ ಮತ್ತು ಬೀಟಾ ಬ್ಲಾಕರ್ ಎರಡೂ ತಗೊಳ್ಳುವವರು ಕಾರಣವಿಲ್ಲದೆ ಬೆವರಿದರೆ ಮೊದಲು ಗ್ಲೂಕೋಮೀಟರ್ ಹಿಡಿಯಿರಿ. ಏಕಾದಶಿ, ರಂಜಾನ್ ಉಪವಾಸ ಮಾಡುವವರಿಗೆ ಇದನ್ನು ಮುಂಚೆಯೇ ಹೇಳಿ.

ಇನ್ನೊಂದು, ಥಟ್ಟನೆ ನಿಲ್ಲಿಸುವುದು. ಸೀಟೆಲ್ಲ ಬ್ಲಾಕ್ ಆಗಿರುವಾಗ ದೇಹ ರಿಸೆಪ್ಟರ್‌ಗಳನ್ನು ಜಾಸ್ತಿ ಮಾಡಿಕೊಂಡಿರುತ್ತದೆ. ಔಷಧಿ ಒಮ್ಮೆಲೇ ಹೋದರೆ ಅಷ್ಟರ ಮೇಲೂ ಅಡ್ರಿನಲಿನ್ ಮುಗಿಬೀಳುತ್ತದೆ. ಬಿಪಿ ಏರುತ್ತದೆ, ಎದೆನೋವು, ಹಾರ್ಟ್ ಅಟ್ಯಾಕ್ ಕೂಡ ಆಗಬಹುದು. ನಿಲ್ಲಿಸಲೇಬೇಕಾದರೆ ಡಾಕ್ಟರ್ ಹೇಳಿದಂತೆ 1–2 ವಾರದಲ್ಲಿ ಇಳಿಸುತ್ತಾ ಬರಬೇಕು.

ಮಾತ್ರೆ ಕೊಡುವ ಮುಂಚೆ

ಏಪಿಕಲ್ ಪಲ್ಸ್ ಪೂರ್ತಿ 1 ನಿಮಿಷ ಎಣಿಸಿ. ಮಾನಿಟರ್‌ನಲ್ಲಿ ಕಾಣುವ ಅಂಕಿ ಬರೆದುಕೊಂಡರೆ ಸಾಲದು. ಬಿಪಿ ನೋಡಿ. ನಾಡಿ 60ಕ್ಕಿಂತ ಅಥವಾ ಸಿಸ್ಟೋಲಿಕ್ 100ಕ್ಕಿಂತ ಕಡಿಮೆ ಇದ್ದರೆ ಡೋಸ್ ತಡೆದು ಡ್ಯೂಟಿ ಡಾಕ್ಟರಿಗೆ ತಿಳಿಸಿ, ಕಾರಣವನ್ನು ಚಾರ್ಟಿನಲ್ಲಿ ಬರೆಯಿರಿ. ಕೆಲವು ಹಾರ್ಟ್ ಫೇಲ್ಯೂರ್ ರೋಗಿಗಳಿಗೆ ಡಾಕ್ಟರ್ ಬೇರೆ ಮಿತಿ ಬರೆದಿರುತ್ತಾರೆ. ಆಗ ಆ ಆರ್ಡರೇ ಲೆಕ್ಕ.

‘ಆಸ್ತಮಾ ಇದೆಯಾ?’ ಅಂತ ಕೇಳಿದರೆ ಬಹಳ ಜನ ಇಲ್ಲ ಅನ್ನುತ್ತಾರೆ. ‘ದಮ್ಮು, ಉಬ್ಬಸ ಬರುತ್ತಾ? ಬಾಯಿಗೆ ಪಂಪ್ ಹೊಡ್ಕೋತೀರಾ?’ ಅಂತ ಕೇಳಿ ನೋಡಿ. ಕಣ್ಣಿಗೆ ಹಾಕುವ ಹನಿಯನ್ನೂ ಕೇಳಿ. ಅದನ್ನು ಯಾರೂ ಔಷಧಿ ಅಂತ ಲೆಕ್ಕಕ್ಕೇ ಇಡುವುದಿಲ್ಲ, ಆದರೆ ಟಿಮೊಲಾಲ್ ಹನಿಯಿಂದಲೂ ದಮ್ಮು ಏರಬಹುದು. ಹನಿ ಹಾಕಿದ ಮೇಲೆ ಕಣ್ಣಿನ ಒಳಮೂಲೆಯನ್ನು ಮೆತ್ತಗೆ ಒತ್ತಿಹಿಡಿಯುವುದನ್ನು ಕಲಿಸಿ. ವೆರಾಪಮಿಲ್, ಡಿಲ್ಟಿಯಾಜೆಮ್ ಜೊತೆಗಿದೆಯಾ ನೋಡಿ. ಎರಡೂ ಸೇರಿದರೆ ನಾಡಿ ತೀರಾ ಕುಸಿಯುತ್ತದೆ.

ಕಾರ್ವೆಡಿಲಾಲ್ ಊಟದ ಜೊತೆ ಕೊಡಿ. ನಿಂತಾಗ ತಲೆ ಸುತ್ತುವುದು ಕಡಿಮೆಯಾಗುತ್ತದೆ. ಮೆಟೊಪ್ರೊಲಾಲ್ ಸಕ್ಸಿನೇಟ್ ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ, ಪುಡಿ ಮಾಡಬಾರದು. ರೈಲ್ಸ್ ಟ್ಯೂಬ್ ಹಾಕಿರುವ ರೋಗಿಗೆ ಇದನ್ನು ಬರೆದಿದ್ದರೆ ಡಾಕ್ಟರನ್ನು ಕೇಳಿ ಬದಲಿಸಿ. ಯಾವುದೇ ಬೀಟಾ ಬ್ಲಾಕರನ್ನು ಐವಿ ಕೊಡುವಾಗ ನಿಧಾನವಾಗಿ, ಇಸಿಜಿ ಮಾನಿಟರ್ ಹಾಕಿಯೇ ಕೊಡಬೇಕು. ಲ್ಯಾಬೆಟಲಾಲ್ ಇಂಜೆಕ್ಷನ್ ಆದ ಮೇಲೆ ರೋಗಿಯನ್ನು ಮಲಗಿಸಿಯೇ ಇಡಿ, 3 ಗಂಟೆಯವರೆಗೆ ಒಬ್ಬರನ್ನೇ ಎಬ್ಬಿಸಬೇಡಿ. ಹಾರ್ಟ್ ಫೇಲ್ಯೂರ್ ಇದ್ದರೆ ದಿನಾ ಬೆಳಿಗ್ಗೆ ತೂಕ, ಕಾಲಿನ ಊತ ನೋಡಿ.

ಮನೆಗೆ ಕಳಿಸುವಾಗ ರೋಗಿಗೂ ಮನೆಯವರಿಗೂ ನಾಡಿ ಹಿಡಿಯುವುದನ್ನು ತೋರಿಸಿ, ಅವರಿಂದಲೇ ಒಮ್ಮೆ ಎಣಿಸಿ ಹೇಳಿಸಿ. ಜಾತ್ರೆಗೋ ಮದುವೆಗೋ ಊರಿಗೆ ಹೊರಟರೆ ಮಾತ್ರೆ ಲೆಕ್ಕ ಹಾಕಿ ಒಯ್ಯಲು ಹೇಳಿ.

ಉತ್ತರ ಬರೆದು ನೋಡಿ

ಮೊದಲ ಪ್ರಶ್ನೆ: 58 ವರ್ಷದ ರೋಗಿ. ಬೆಳಿಗ್ಗೆ 8ಕ್ಕೆ ಅಟೆನೊಲಾಲ್ 50 ಎಂಜಿ ಕೊಡಬೇಕು. ನಾಡಿ 52, ಬಿಪಿ 96/60, ತಲೆ ಸುತ್ತು ಅನ್ನುತ್ತಿದ್ದಾರೆ. ಏನು ಮಾಡುತ್ತೀರಿ? ಮಾತ್ರೆ ತಡೆಯಿರಿ, ಮಲಗಿಸಿ, ಡಾಕ್ಟರಿಗೆ ತಿಳಿಸಿ, ಇಸಿಜಿಗೆ ಸಿದ್ಧ ಮಾಡಿ, ಪದೇಪದೇ ನಾಡಿ ನೋಡುತ್ತಿರಿ. ಅಟೆನೊಲಾಲ್ ಕಿಡ್ನಿ ಮೂಲಕ ಹೊರಹೋಗುವುದರಿಂದ ಕ್ರಿಯಾಟಿನಿನ್ ರಿಪೋರ್ಟನ್ನೂ ತೆಗೆದು ತೋರಿಸಿ.

ಎರಡನೆಯದು: ಪ್ರೊಪ್ರಾನೊಲಾಲ್ ಮಾತ್ರೆಗಳನ್ನು ಒಟ್ಟಿಗೆ ನುಂಗಿದ ಯುವತಿ ಕ್ಯಾಜುವಾಲ್ಟಿಗೆ ಬಂದಿದ್ದಾರೆ, ನಾಡಿ 38. ಟ್ರಾಲಿಯಲ್ಲಿ ಏನಿರಬೇಕು? ಆಕ್ಸಿಜನ್, ಐವಿ ಲೈನ್, ಅಟ್ರೋಪಿನ್, ಗ್ಲೂಕಗಾನ್. ಇನ್ಸುಲಿನ್‌ಗೆ ಎದುರಾದ ಹಾರ್ಮೋನು ಇಲ್ಲೇಕೆ ಅಂತ ವೈವಾದಲ್ಲಿ ಕೇಳಬಹುದು. ಬ್ಲಾಕ್ ಆದ ಬೀಟಾ ರಿಸೆಪ್ಟರ್‌ನ ಗೊಡವೆಗೇ ಹೋಗದೆ, ಹೃದಯದಲ್ಲಿ ತನ್ನದೇ ರಿಸೆಪ್ಟರ್ ಮೂಲಕ ಗ್ಲೂಕಗಾನ್ ಸೈಕ್ಲಿಕ್ ಎಎಂಪಿ ಹೆಚ್ಚಿಸುತ್ತದೆ. ಕೊಟ್ಟ ಮೇಲೆ ವಾಂತಿ ಸಾಮಾನ್ಯ, ಹಾಗಾಗಿ ಸಕ್ಷನ್ ಕೂಡ ಕೈಗೆ ಸಿಗುವಂತಿರಲಿ.